ರೀಲ್ಸಿಗೆ ಮಿತಿ: ಕಾಲುಕಾಲು ಭಾಗವಾಗಿ ಬಿಡುವ ಕ್ರಮ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಿಂದ ಅಜೀರ್ಣ, ಮಲಬದ್ಧತೆ, ಕಣ್ಣುರಿ, ತಲೆಭಾರ ಎಂದು ಬರುವ ಮಧ್ಯವಯಸ್ಕರಿಗೆ ನಾವು ಈಗ ನಾಡಿ ನೋಡುವುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತೇವೆ: ರಾತ್ರಿ ಫೋನು ಎಲ್ಲಿರುತ್ತದೆ? ದಿಂಬಿನ ಪಕ್ಕದಲ್ಲಿ ಎಂಬ ಉತ್ತರ ಬಂದರೆ, ಎಷ್ಟು ಹೊತ್ತಿನವರೆಗೆ ಕೈಯಲ್ಲಿರುತ್ತದೆ ಎಂದು ಮುಂದುವರಿಯುತ್ತೇವೆ. ಸಾಮಾನ್ಯವಾಗಿ ಬರುವ ಉತ್ತರ 'ಅರ್ಧ ತಾಸು'. ಫೋನಿನಲ್ಲಿಯೇ ಇರುವ ಲೆಕ್ಕವನ್ನು ತೆರೆದು ನೋಡಿದಾಗ ಅದು ಮೂರು ತಾಸು ಆಗಿರುತ್ತದೆ. ಇದು ಸುಳ್ಳು ಹೇಳಿದ್ದಲ್ಲ. ಈ ಬಗೆಯ ನೋಟದಲ್ಲಿ ಹೊತ್ತು ಹೋದದ್ದು ನೋಡುವವರಿಗೆ ತಿಳಿಯುವುದೇ ಇಲ್ಲ.

ಮಕ್ಕಳ ಕೈಯಿಂದ ಫೋನು ಬಿಡಿಸುವ ಬಗ್ಗೆ ಬರಹಗಳು ಬೇಕಾದಷ್ಟು ಬಂದಿವೆ. ಈ ಲೇಖನ ದೊಡ್ಡವರಿಗಾಗಿ. ದೊಡ್ಡವರ ತೊಡಕು ಬೇರೆಯದು. ಅವರಿಗೆ ಬೀಗ ಹಾಕುವವರು ಯಾರೂ ಇಲ್ಲ. ಬೀಗ ಹಾಕಿಕೊಂಡರೂ ಕೀಲಿ ಅವರ ಜೇಬಿನಲ್ಲಿಯೇ ಇರುತ್ತದೆ. ಆದ್ದರಿಂದ ಫೋನಿನಲ್ಲಿರುವ ಕಾಲಮಿತಿಯ ಸಲಕರಣೆಗಳನ್ನು ಬೀಗವೆಂದು ಬಳಸಿದವರು ಒಂದು ವಾರದಲ್ಲಿ ಬಿಟ್ಟುಬಿಡುತ್ತಾರೆ. ಅವುಗಳನ್ನು ಮೆಟ್ಟಿಲೆಂದು ಬಳಸಿದವರು ಇಳಿದು ಬರುತ್ತಾರೆ. ಆ ಮೆಟ್ಟಿಲುಗಳನ್ನು ಕಟ್ಟುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಕೊನೆಯಿಲ್ಲದ ಪುಟ

ಪುಸ್ತಕಕ್ಕೆ ಅಧ್ಯಾಯದ ಕೊನೆಯಿದೆ, ದೊಡ್ಡಾಟಕ್ಕೆ ಮಂಗಳವಿದೆ, ರೇಡಿಯೋದ ವಾರ್ತೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಮುಗಿದ ಆ ಕ್ಷಣದಲ್ಲಿ ಮನಸ್ಸು 'ಸಾಕೇ, ಇನ್ನೂ ಬೇಕೇ' ಎಂದು ಕೇಳಿಕೊಳ್ಳುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬಿನ ಕಿರುವಿಡಿಯೋಗಳಲ್ಲಿ ಈ ಕೊನೆಯನ್ನೇ ತೆಗೆದುಹಾಕಲಾಗಿದೆ. ಬೆರಳು ಮೇಲಕ್ಕೆ ಸರಿದಂತೆ ಹೊಸದು ಬರುತ್ತಲೇ ಇರುತ್ತದೆ. ಹತ್ತರಲ್ಲಿ ಎಂಟು ರುಚಿಸದಿದ್ದರೂ ಮುಂದಿನದು ಚೆನ್ನಾಗಿರಬಹುದು ಎಂಬ ಆಸೆ ಬೆರಳನ್ನು ಆಡಿಸುತ್ತದೆ. ನಮ್ಮ ಹಳ್ಳಿಗಳಿಗೆ ಅಗ್ಗದ ಇಂಟರ್ನೆಟ್ ಬಂದದ್ದು 2016ರ ನಂತರ. 2020ರಲ್ಲಿ ಟಿಕ್‌ಟಾಕ್ ನಿಷೇಧವಾದ ಮೇಲೆ ರೀಲ್ಸ್ ಮತ್ತು ಶಾರ್ಟ್ಸ್ ಅದೇ ವರ್ಷ ಆ ಜಾಗಕ್ಕೆ ಬಂದವು. ಹೀಗಾಗಿ ಈ ರೂಢಿ ನಮ್ಮವರಿಗೆ ಹಿಡಿದದ್ದು ಇತ್ತೀಚೆಗೆ, ಬಿಡಿಸಲಾಗದಷ್ಟು ಹಳೆಯದೇನಲ್ಲ.

ಹಗಲಿನ ನೋಟ ಕೆಲಸವನ್ನು ತಿನ್ನುತ್ತದೆ, ರಾತ್ರಿಯ ನೋಟ ದೇಹವನ್ನು ತಿನ್ನುತ್ತದೆ. ಆಹಾರ, ನಿದ್ರೆ, ಬ್ರಹ್ಮಚರ್ಯ ಇವು ಮೂರು ದೇಹದ ಉಪಸ್ತಂಭಗಳೆಂದು ಚರಕಸಂಹಿತೆ ಹೇಳುತ್ತದೆ. ರಾತ್ರಿ ಎಚ್ಚರವಿರುವುದು ಶರೀರದಲ್ಲಿ ರೂಕ್ಷತೆಯನ್ನು, ಅಂದರೆ ಒಣಗುವ ಗುಣವನ್ನು ಹೆಚ್ಚಿಸುತ್ತದೆ ಎಂಬುದು ಅದೇ ಗ್ರಂಥದ ನಿರ್ಣಯ. ನಿದ್ರೆಗೆಟ್ಟವರಲ್ಲಿ ಮಲ ಗಟ್ಟಿಯಾಗುವುದು, ಬೆಳಿಗ್ಗೆ ಹಸಿವಾಗದಿರುವುದು, ಮೈಕೈ ನೋವು ಕಾಣಿಸುವುದು ಇದರಿಂದಲೇ. ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುವುದರಿಂದ ಕಣ್ಣೂ ಒಣಗುತ್ತದೆ. ಇಷ್ಟಕ್ಕೆಲ್ಲ ಚೂರ್ಣ ಕೊಟ್ಟು, ಫೋನಿನ ಮಾತೆತ್ತದಿದ್ದರೆ ಚೂರ್ಣ ಕೆಲಸ ಮಾಡುವುದಿಲ್ಲ.

ಮೊದಲ ವಾರ: ಬರೀ ಲೆಕ್ಕ

ಇಂಡಿ ತಾಲೂಕಿನ ಒಬ್ಬ ನಿಂಬೆ ಬೆಳೆಗಾರರ ಉದಾಹರಣೆಯಿಂದ ಕ್ರಮವನ್ನು ತಿಳಿಸುತ್ತೇವೆ. ವಯಸ್ಸು 48. ಅವರು ಕೇಳಿ ಬಂದದ್ದು ನಿದ್ರೆಗೆ ಔಷಧಿ. ಅದಕ್ಕೂ ಹಿಂದಿನ ವಾರ ಬೆಳಿಗ್ಗೆ ನಿಂಬೆಯ ಚೀಲ ಕಟ್ಟಿಕೊಂಡು ಪೇಟೆಗೆ ಹೊರಟಾಗ ಮೋಟಾರು ಸೈಕಲ್ಲಿನ ಮೇಲೆಯೇ ತೂಕಡಿಸಿ ರಸ್ತೆಯ ಪಕ್ಕದ ಕಂಟಿಗೆ ಹೋಗಿ ನಿಂತಿದ್ದರು. ಪೆಟ್ಟಾಗಲಿಲ್ಲ. ಮನೆಯವರು ಹೆದರಿ ಕರೆತಂದಿದ್ದರು.

ಅವರ ಆಂಡ್ರಾಯ್ಡ್ ಫೋನಿನಲ್ಲಿ Settings ತೆರೆದು, ಕೆಳಗೆ Digital Wellbeing & parental controls ಎಂಬಲ್ಲಿಗೆ ಹೋಗಿ, ಅಲ್ಲಿನ Dashboard ತೋರಿಸಿದೆವು. ಯಾವ ಆ್ಯಪ್ ದಿನಕ್ಕೆ ಎಷ್ಟು ಹೊತ್ತು ತೆರೆದಿತ್ತು ಎಂಬ ಲೆಕ್ಕ ಅಲ್ಲಿರುತ್ತದೆ. ಐಫೋನಿನಲ್ಲಿ ಇದೇ ಲೆಕ್ಕ Settings ಒಳಗೆ Screen Time ಎಂಬಲ್ಲಿದೆ. ಫೋನಿನ ಭಾಷೆ ಕನ್ನಡವಾಗಿದ್ದರೆ ಈ ಹೆಸರುಗಳು ಕನ್ನಡದಲ್ಲಿ ಕಾಣುತ್ತವೆ. ಕಂಪನಿಗೆ ತಕ್ಕಂತೆ ಹೆಸರೂ ಜಾಗವೂ ತುಸು ಬದಲಾಗುವುದುಂಟು.

ಒಂದು ವಾರ ಏನನ್ನೂ ಕಡಿಮೆ ಮಾಡಬೇಡಿ, ಮಲಗುವ ಹೊತ್ತನ್ನು ಮಾತ್ರ ಚೀಟಿಯಲ್ಲಿ ಬರೆದಿಡಿ ಎಂದೆವು. ವಾರದ ಕೊನೆಗೆ ಚಿತ್ರ ಸ್ಪಷ್ಟವಾಯಿತು. ಕಿರುವಿಡಿಯೋದ ಒಂದೇ ಆ್ಯಪಿಗೆ ದಿನಕ್ಕೆ ಸುಮಾರು 4 ತಾಸು ಹೋಗುತ್ತಿತ್ತು. ಅದರಲ್ಲಿ ಮಧ್ಯಾಹ್ನ ಊಟದ ನಂತರ 1 ತಾಸು, ರಾತ್ರಿ 10ರಿಂದ 1ರವರೆಗೆ 3 ತಾಸು. ವಾಟ್ಸ್ಆ್ಯಪ್, ಕರೆ, ನಿಂಬೆಯ ದರ ನೋಡುವುದು ಎಲ್ಲ ಸೇರಿ ಇನ್ನೊಂದು ತಾಸು. ಈ ವಿಂಗಡಣೆ ಬಹಳ ಮುಖ್ಯ. ಕಡಿಮೆಯಾಗಬೇಕಾದದ್ದು 'ಫೋನು' ಅಲ್ಲ, ಆ ಒಂದು ಆ್ಯಪು. ಅದರಲ್ಲಿಯೂ ಮೊದಲು ರಾತ್ರಿಯದು. ಎಲ್ಲ ಆ್ಯಪುಗಳಿಗೂ ಒಟ್ಟಿಗೆ ಮಿತಿ ಹಾಕಿದವರು ಮರುದಿನ ಕೆಲಸದ ಕರೆಗೋ ಹಣ ಕಳಿಸುವುದಕ್ಕೋ ಅಡ್ಡಿಯಾಯಿತೆಂದು ಎಲ್ಲವನ್ನೂ ತೆಗೆದುಹಾಕುತ್ತಾರೆ.

ಪಾದಾಂಶ ಕ್ರಮ

ರೂಢಿಯಾದ ಅಹಿತವನ್ನು ಒಮ್ಮೆಲೇ ಬಿಡಬಾರದು, ಪಾದಾಂಶ ಕ್ರಮದಲ್ಲಿ ಬಿಡಬೇಕು ಎಂದು ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ವಿಧಿಸುತ್ತದೆ. ಪಾದ ಎಂದರೆ ಕಾಲು ಭಾಗ. ಅಹಿತದ ಕಾಲು ಭಾಗವನ್ನು ತೆಗೆದು, ಆ ಜಾಗದಲ್ಲಿ ಹಿತವಾದುದರ ಕಾಲು ಭಾಗವನ್ನು ಇಡಬೇಕು. ಅದು ಒಗ್ಗಿದ ಮೇಲೆ ನಡುವೆ ಅಂತರ ಕೊಟ್ಟು ಮುಂದಿನ ಕಾಲು ಭಾಗಕ್ಕೆ ಹೋಗಬೇಕು. ಈ ಸೂತ್ರದಲ್ಲಿ ಎರಡು ಮಾತುಗಳಿವೆ: ತೆಗೆಯುವುದು ಮತ್ತು ಇಡುವುದು. ಕಾಲಮಿತಿಯ ಸಲಕರಣೆ ತೆಗೆಯುವ ಕೆಲಸವನ್ನಷ್ಟೇ ಮಾಡುತ್ತದೆ. ಇಡುವ ಕೆಲಸವನ್ನು ನಾವೇ ಮಾಡಬೇಕು. ಖಾಲಿ ಬಿಟ್ಟ ತಾಸಿಗೆ ಫೋನೇ ಮರಳಿ ಬರುತ್ತದೆ.

4 ತಾಸು ಎಂದರೆ 240 ನಿಮಿಷ. ಕಾಲು ಭಾಗ 60 ನಿಮಿಷ. ಆದ್ದರಿಂದ ಮಿತಿ ಮೊದಲು 180, ಆಮೇಲೆ 120, ಆಮೇಲೆ 60. ಗ್ರಂಥದಲ್ಲಿ ಹೇಳಿದ ಅಂತರಗಳು ಚಿಕ್ಕವು. ನಾವು ಒಂದು ಮೆಟ್ಟಿಲಿಗೆ ಒಂದು ವಾರ ಕೊಡುತ್ತೇವೆ. ಸಂತೆಯ ದಿನ, ಬಿಡುವಿನ ದಿನ, ನೀರು ಹಾಯಿಸುವ ದಿನ ಎಲ್ಲವೂ ಒಂದು ವಾರದೊಳಗೆ ಬಂದುಹೋಗುವುದೇ ಇದಕ್ಕೆ ಕಾರಣ.

ಮಿತಿ ಹಾಕುವ ಬಗೆ ಸರಳ. Dashboard ಪಟ್ಟಿಯಲ್ಲಿ ಆ ಆ್ಯಪಿನ ಪಕ್ಕದ ಮರಳುಗಡಿಯಾರದ ಚಿಹ್ನೆಯನ್ನು ಮುಟ್ಟಿ ಹೊತ್ತನ್ನು ಆರಿಸಬೇಕು. ಅಷ್ಟು ಹೊತ್ತು ಮುಗಿದೊಡನೆ ಆ್ಯಪ್ ಮುಚ್ಚಿ, ಅದರ ಚಿಹ್ನೆ ಬಣ್ಣಗೆಟ್ಟು ಬೂದಿಯಾಗುತ್ತದೆ. ಐಫೋನಿನಲ್ಲಿ Screen Time ಒಳಗಿನ App Limits ಈ ಕೆಲಸ ಮಾಡುತ್ತದೆ.

ನಮ್ಮ ಬೆಳೆಗಾರರು 180 ನಿಮಿಷ ಹಾಕಿಕೊಂಡ ಮೊದಲ ರಾತ್ರಿಯೇ ಈ ಸಲಕರಣೆಯ ದೊಡ್ಡ ಕೊರತೆ ಗೊತ್ತಾಯಿತು. ಆ್ಯಪ್ 11 ಗಂಟೆಗೆ ಮುಚ್ಚಿತು. ಅವರು ಹೊರಳಾಡಿದರು. 12 ಗಂಟೆಯಾದ ಮೇಲೆ ಮುಟ್ಟಿ ನೋಡಿದರೆ ಅದು ಮತ್ತೆ ತೆರೆಯಿತು. ದಿನದ ಮಿತಿಯ ಲೆಕ್ಕ ಮಧ್ಯರಾತ್ರಿಗೆ ಹೊಸದಾಗಿ ಆರಂಭವಾಗುತ್ತದೆ, ಐಫೋನಿನಲ್ಲಿಯೂ ಹಾಗೆಯೇ. ರಾತ್ರಿ ಎಚ್ಚರವಿರುವವರಿಗೆ ಮಧ್ಯರಾತ್ರಿ ಎಂಬುದು ದಿನದ ಕೊನೆಯಲ್ಲ, ನೋಟದ ನಡುಭಾಗ. ಅಲ್ಲಿ ಫೋನು ಅವರಿಗೆ ಇಡೀ ದಿನದ ಪಾಲನ್ನು ತಾಜಾ ಆಗಿ ಕೊಟ್ಟುಬಿಡುತ್ತದೆ. 'ಮಿತಿ ಹಾಕಿದರೂ ಉಪಯೋಗವಾಗಲಿಲ್ಲ' ಎನ್ನುವವರಲ್ಲಿ ಅನೇಕರ ಕಥೆ ಇದೇ ಆಗಿರುತ್ತದೆ. ಹೊತ್ತಿನ ಪ್ರಮಾಣಕ್ಕೆ ಮಾತ್ರವಲ್ಲ, ಗಡಿಯಾರದ ಗಂಟೆಗೂ ಮಿತಿ ಬೇಕು.

ಇದಕ್ಕೆ ಅದೇ ಜಾಗದಲ್ಲಿ Focus mode ಎಂಬುದಿದೆ. ಆರಿಸಿದ ಆ್ಯಪುಗಳನ್ನು ಗೊತ್ತುಪಡಿಸಿದ ವೇಳೆಯಲ್ಲಿ ಅದು ತಡೆದಿಡುತ್ತದೆ. ಆ ಒಂದು ಆ್ಯಪನ್ನು ಮಾತ್ರ ಆರಿಸಿ ವೇಳೆಯನ್ನು ರಾತ್ರಿ 12ರಿಂದ ಬೆಳಿಗ್ಗೆ 5 ಎಂದು ಇಟ್ಟೆವು. ಕರೆ, ವಾಟ್ಸ್ಆ್ಯಪ್ ಎಂದಿನಂತೆ ನಡೆಯುತ್ತವೆ. ಐಫೋನಿನವರಿಗೆ ಇದು Screen Time ಒಳಗಿನ Downtime. ಅದರಲ್ಲಿ ಬೇಕಾದ ಆ್ಯಪುಗಳನ್ನು Always Allowed ಪಟ್ಟಿಗೆ ಸೇರಿಸಬೇಕು. ಎರಡನೆಯ ಮೆಟ್ಟಿಲಿನಲ್ಲಿ ಮಿತಿ 120 ನಿಮಿಷ, ತಡೆ 11 ಗಂಟೆಯಿಂದ. ಮೂರನೆಯದರಲ್ಲಿ ಮಿತಿ 60 ನಿಮಿಷ, ತಡೆ 10 ಗಂಟೆಯಿಂದ. ಹೀಗೆ ಪ್ರತಿ ಮೆಟ್ಟಿಲಿನಲ್ಲಿ ರಾತ್ರಿಯ ಒಂದು ತಾಸು ಹಿಂದಕ್ಕೆ ಬಂತು. ಕೊನೆಗೆ ಉಳಿದದ್ದು ಮಧ್ಯಾಹ್ನದ ಒಂದು ತಾಸು.

ತೆಗೆದ ಜಾಗದಲ್ಲಿ ಇಟ್ಟದ್ದು

ಮೊದಲ ಆಕ್ಷೇಪ ಅವರಿಂದಲೇ ಬಂತು. "ಸಾಹೇಬ್ರ, ಫೋನ್ ಬಾಜೂಕ ಇಲ್ಲಂದ್ರ ರಾತ್ರಿ ತೋಟಕ್ಕ ಕರೆಂಟ್ ಬಂದದ್ದು ಹೆಂಗ ಗೊತ್ತಾಗಬೇಕ್ರಿ?" ಎಂದರು. ಇದು ನ್ಯಾಯವಾದ ಪ್ರಶ್ನೆ. ನಮ್ಮ ಭಾಗದ ರೈತರಿಗೆ ತ್ರೀಫೇಸ್ ವಿದ್ಯುತ್ತು ಪಾಳಿಯ ಮೇಲೆ ಬರುತ್ತದೆ. ಅದರ ದಾರಿ ಕಾಯುತ್ತ ಎಚ್ಚರವಿರುವಾಗಲೇ ರೀಲ್ಸಿನ ರೂಢಿ ಅನೇಕರಿಗೆ ಹತ್ತಿದೆ. ಪಾಳಿಯ ವೇಳೆಗೆ ಅಲಾರಂ ಇಟ್ಟು, ಕರೆಯ ಗಂಟೆ ಜೋರಾಗಿ ಕೇಳುವಂತೆ ಮಾಡಿ, ಫೋನನ್ನು ಪಡಸಾಲೆಯ ಗೂಡಿನಲ್ಲಿ ಇಡಲು ಹೇಳಿದೆವು. ಎಚ್ಚರಿಸುವುದಕ್ಕೆ ಫೋನು ಮನೆಯಲ್ಲಿದ್ದರೆ ಸಾಕು, ಹಾಸಿಗೆಯಲ್ಲಿ ಇರಬೇಕಿಲ್ಲ. ಎದ್ದು ನಾಲ್ಕು ಹೆಜ್ಜೆ ನಡೆದು ತರಬೇಕೆಂಬ ಅಷ್ಟು ದೂರವೇ ಅರ್ಧ ಕೆಲಸ ಮಾಡುತ್ತದೆ.

ಮೋಟಾರು ಹಚ್ಚಲು ನಿಜವಾಗಿಯೂ ರಾತ್ರಿ ಎದ್ದವರಿಗೆ ವಾಗ್ಭಟನ ಅಷ್ಟಾಂಗಹೃದಯ ಒಂದು ಪರಿಹಾರ ಹೇಳಿದೆ: ಎಷ್ಟು ಹೊತ್ತು ಎಚ್ಚರವಿದ್ದರೋ ಅದರ ಅರ್ಧದಷ್ಟು ಹೊತ್ತನ್ನು ಮರುದಿನ ಬೆಳಿಗ್ಗೆ ಊಟಕ್ಕೆ ಮೊದಲು ಮಲಗಬೇಕು. ಎರಡು ತಾಸು ನೀರು ಹಾಯಿಸಿದ್ದರೆ ಬೆಳಿಗ್ಗೆ ಒಂದು ತಾಸು. ಉಂಡ ಮೇಲೆ ಮಧ್ಯಾಹ್ನ ಮಲಗಿದರೆ ರಾತ್ರಿಯ ನಿದ್ರೆ ಮತ್ತೆ ಹಿಂದೆ ಸರಿಯುತ್ತದೆ.

ಎರಡನೆಯದು, ಮಲಗಿದರೂ ನಿದ್ರೆ ಬಾರದ ಮೊದಲ ನಾಲ್ಕೈದು ರಾತ್ರಿಗಳು. ಕೈ ತಾನಾಗಿ ದಿಂಬಿನ ಕಡೆಗೆ ಹೋಗುವುದು, ಸಿಡುಕು, ಏನೋ ಕಳೆದುಕೊಂಡಂತೆ ಅನಿಸುವುದು ಇವು ಬರುತ್ತವೆ, ಹೋಗುತ್ತವೆ. ಇದಕ್ಕೆ ಪಾದಾಭ್ಯಂಗ ಒಳ್ಳೆಯದು. ಎರಡು ಚಮಚ ಎಳ್ಳೆಣ್ಣೆಯನ್ನು ಉಗುರುಬೆಚ್ಚಗೆ ಮಾಡಿ, ಒಂದೊಂದು ಪಾದಕ್ಕೆ ಐದೈದು ನಿಮಿಷ ಹಿಮ್ಮಡಿಯಿಂದ ಬೆರಳಿನವರೆಗೆ ತಾವೇ ತಿಕ್ಕಿಕೊಳ್ಳಬೇಕು. ಇದರಲ್ಲಿ ಗ್ರಂಥದಲ್ಲಿಲ್ಲದ ಒಂದು ಲಾಭವೂ ಇದೆ: ಎಣ್ಣೆಗೈಯಿಂದ ಯಾರೂ ಫೋನು ಮುಟ್ಟುವುದಿಲ್ಲ. ಆಮೇಲೆ ಬಟ್ಟೆಯಿಂದ ಪಾದ ಒರೆಸಿಕೊಂಡೇ ನೆಲಕ್ಕಿಡಬೇಕು, ಜಾರುವ ಭಯವಿರುತ್ತದೆ. ಸಕ್ಕರೆ ಕಾಯಿಲೆಯವರು ಪಾದದಲ್ಲಿ ಗಾಯ, ಬಿರುಕು, ಮರಗಟ್ಟುವಿಕೆ ಇದ್ದರೆ ವೈದ್ಯರಿಗೆ ತೋರಿಸಿಯೇ ಆರಂಭಿಸಬೇಕು. ಅಂಥ ಪಾದಕ್ಕೆ ಎಣ್ಣೆಯ ಬಿಸಿ ತಿಳಿಯುವುದಿಲ್ಲ.

ಮೂರನೆಯದು, ರಾತ್ರಿ 10ಕ್ಕೆ ಮೊದಲಿನ ಹೊತ್ತು. ಇಲ್ಲಿ ಅವರು ತಾವೇ ದಾರಿ ಕಂಡುಕೊಂಡರು. ನಿಂಬೆ ಹರಿಯುವ ಕೂಲಿಯ ಲೆಕ್ಕ ತಿಂಗಳುಗಟ್ಟಲೆ ಬಾಕಿಯಿತ್ತು. ರೇಡಿಯೋ ಹಚ್ಚಿ ದಿನಾ ಅರ್ಧ ತಾಸು ಅದನ್ನು ಬರೆಯತೊಡಗಿದರು. ರೇಡಿಯೋದ ಗುಣವೆಂದರೆ ಕಣ್ಣನ್ನು ಕೇಳುವುದಿಲ್ಲ, ಕಾರ್ಯಕ್ರಮ ತಾನಾಗಿ ಮುಗಿಯುತ್ತದೆ.

ಎಲ್ಲವೂ ನೇರವಾಗಿ ಸಾಗಲಿಲ್ಲ. ಎರಡನೆಯ ಮೆಟ್ಟಿಲಿನಲ್ಲಿ ಎರಡು ಸಲ Settings ಒಳಗೆ ಹೋಗಿ ತಾವೇ ಮಿತಿಯನ್ನು ಎತ್ತಿದರು. ಒಂದು ಸಲ ಮಡದಿಯ ಫೋನಿನಲ್ಲಿ ನೋಡಿದರು. ಹೀಗಾದಾಗ ಮೂರನೆಯ ಮೆಟ್ಟಿಲಿಗೆ ಇಳಿಯಬಾರದು, ಮೊದಲಿನದಕ್ಕೆ ಹಿಂತಿರುಗಲೂಬೇಕಿಲ್ಲ. ಅದೇ ಮೆಟ್ಟಿಲಿನಲ್ಲಿ ಇನ್ನೊಂದು ವಾರ ನಿಂತರು. ಲೆಕ್ಕದ ವಾರ ಬಿಟ್ಟು ಮೂರು ವಾರದ ಕೆಲಸಕ್ಕೆ ನಾಲ್ಕು ವಾರವಾಯಿತು, ಅಷ್ಟೇ. ಕೊನೆಗೆ ನಾವು ನಿಮಿಷದ ಲೆಕ್ಕ ಕೇಳಲಿಲ್ಲ. ಬೆಳಿಗ್ಗೆ ಹಸಿವಾಗುತ್ತದೆಯೇ, ಹೊಟ್ಟೆ ತಾನಾಗಿ ಸ್ವಚ್ಛವಾಗುತ್ತದೆಯೇ, ಗಾಡಿಯ ಮೇಲೆ ಕಣ್ಣು ಎಳೆಯುತ್ತದೆಯೇ ಎಂದು ಕೇಳಿದೆವು. ಮೊದಲೆರಡಕ್ಕೆ ಹೌದು, ಮೂರನೆಯದಕ್ಕೆ ಇಲ್ಲ ಎಂದರು. ನಿದ್ರೆಯ ಔಷಧಿ ಬೇಕಾಗಲಿಲ್ಲ.

ಮಿತಿಗಿಂತ ಮೆತ್ತಗಿನ ದಾರಿಗಳು

ಎಲ್ಲರಿಗೂ ಕಾಲಮಿತಿ ಒಗ್ಗುವುದಿಲ್ಲ. ಆ್ಯಪ್ ನಡುವೆ ಮುಚ್ಚಿಕೊಂಡರೆ ಸಿಟ್ಟಿಗೆದ್ದು ಮತ್ತಷ್ಟು ನೋಡುವವರಿದ್ದಾರೆ. ಅಂಥವರಿಗೆ ತಡೆಯ ಬದಲು ತಡವನ್ನು ಸೂಚಿಸುತ್ತೇವೆ.

ಸಿಂದಗಿಯ ಒಬ್ಬ ಅಂಗಡಿಕಾರರದು ಹಗಲಿನ ನೋಟ. ಗಿರಾಕಿ ಹೋದೊಡನೆ ಫೋನು, ಬಂದೊಡನೆ ಬದಿಗೆ. ಹೀಗೆ ದಿನಕ್ಕೆ ಹತ್ತಾರು ಸಲ. ಅವರಿಗೆ ಮಿತಿ ಹಾಕಿದರೆ ಅದು ಮಧ್ಯಾಹ್ನವೇ ಮುಗಿದುಹೋಗಿ, ಸಂಜೆ ತಾವೇ ಎತ್ತುತ್ತಿದ್ದರು. ಮಿತಿಯನ್ನು ತೆಗೆಸಿ ಮೂರೇ ಬದಲಾವಣೆ ಮಾಡಿಸಿದೆವು. ಆ ಆ್ಯಪಿನ ಸೂಚನೆಗಳನ್ನು Notifications ಒಳಗೆ ನಿಲ್ಲಿಸಿದ್ದು. ಅದರ ಚಿಹ್ನೆಯನ್ನು ಮೊದಲ ಪರದೆಯಿಂದ ತೆಗೆದದ್ದು. ಪ್ರತಿ ಸಲ ನೋಡಿದ ಮೇಲೆ ಖಾತೆಯಿಂದ ಹೊರಬರುವುದು. ಮತ್ತೆ ನೋಡಬೇಕಾದರೆ ಹೆಸರು ಹುಡುಕಿ, ಪಾಸ್‌ವರ್ಡ್ ಹಾಕಬೇಕು. ಆ ಅರ್ಧ ನಿಮಿಷದಲ್ಲಿ 'ಯಾಕೆ ತೆರೆಯುತ್ತಿದ್ದೇನೆ' ಎಂಬ ಪ್ರಶ್ನೆ ಏಳುತ್ತದೆ. ಜರ್ಮನಿಯ ಸಂಶೋಧಕರು ಆ್ಯಪ್ ತೆರೆಯುವ ಮೊದಲು ಒಂದು ಉಸಿರಿನಷ್ಟು ಹೊತ್ತು ಕಾಯಿಸಿ, ಮುಂದುವರಿಯಬೇಕೇ ಎಂದು ಕೇಳುವ ಸಲಕರಣೆಯನ್ನು ಆರು ವಾರ ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರರಲ್ಲಿ ಒಂದಕ್ಕೂ ಹೆಚ್ಚು ಸಲ ಜನ ಅಲ್ಲಿಂದಲೇ ಹಿಂತಿರುಗಿದ್ದರು. ಆ ಸಲಕರಣೆಯ ಹೆಸರು one sec. ಅದನ್ನು ಹಾಕಿಕೊಳ್ಳದೆಯೂ ಮೇಲಿನ ಮೂರು ಕ್ರಮಗಳಿಂದ ಅಂಥದೇ ವಿರಾಮ ದೊರೆಯುತ್ತದೆ.

ಇನ್ನೊಂದು ಮೆತ್ತಗಿನ ದಾರಿ ಬಣ್ಣವನ್ನು ತೆಗೆಯುವುದು. ಆಂಡ್ರಾಯ್ಡಿನ Bedtime mode ಒಳಗೆ Grayscale ಆರಿಸಿದರೆ ಗೊತ್ತಾದ ಹೊತ್ತಿನಿಂದ ಪರದೆ ಕಪ್ಪುಬಿಳುಪಾಗುತ್ತದೆ. ಯಾವುದನ್ನೂ ತಡೆಯುವುದಿಲ್ಲ, ನೋಟದ ರುಚಿ ಮಾತ್ರ ಕಡಿಮೆಯಾಗುತ್ತದೆ. ಆದರೆ ಇದರ ಜೊತೆಗೆ ಕರೆಯ ಸದ್ದನ್ನು ಅಡಗಿಸುವ Do Not Disturb ಕೂಡ ಚಾಲೂ ಆಗಬಹುದು. ಮನೆಯಲ್ಲಿ ಬಸುರಿಯರೋ ಹಿರಿಯರೋ ಇದ್ದರೆ, ರಾತ್ರಿ ಕರೆ ಬರುವ ಸಂಭವವಿದ್ದರೆ, ಅದನ್ನು ನೋಡಿ ನಿಲ್ಲಿಸಿಕೊಳ್ಳಬೇಕು. ಯೂಟ್ಯೂಬಿನ Settings ಒಳಗೆ Remind me to take a break ಎಂಬುದೂ ಇದೆ. ಅದು ಬರೀ ನೆನಪಿಸುತ್ತದೆ. ನೆನಪಿಸಿದಾಗ ಎದ್ದು ಒಂದು ಲೋಟ ನೀರು ಕುಡಿಯುವ ನಿಯಮವಿಟ್ಟುಕೊಂಡರೆ ಮಾತ್ರ ಫಲ.

ಯಾವ ಸಲಕರಣೆಯೂ ಮುಟ್ಟದ ಇನ್ನೊಂದು ಬಗೆಯಿದೆ. ಮುದ್ದೇಬಿಹಾಳ ಕಡೆಯ ಒಬ್ಬ ತಾಯಿಯ ಮಗ, ಸೊಸೆ ದುಡಿಯಲು ಗೋವಾಕ್ಕೆ ಹೋಗಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಮನೆಯಲ್ಲಿ ಮಾತಿಲ್ಲ. ಅವರು ವಿಡಿಯೋ ನೋಡುತ್ತಿದ್ದದ್ದು ವಿಡಿಯೋಗಾಗಿ ಅಲ್ಲ, ಮನುಷ್ಯರ ದನಿಗಾಗಿ. ಅಂಥವರ ಫೋನಿಗೆ ಮಿತಿ ಹಾಕುವುದು ಇರುವ ಸಂಗಾತಿಯನ್ನೂ ಕಸಿದಂತೆ. ನಾವು ಮಗನಿಗೆ ಹೇಳಿ, ದಿನಾ ರಾತ್ರಿ 8ಕ್ಕೆ ಹತ್ತು ನಿಮಿಷ ಮೊಮ್ಮಗುವಿನ ವಿಡಿಯೋ ಕರೆ ಗೊತ್ತುಮಾಡಿಸಿದೆವು. ನೆರೆಮನೆಯವರೊಡನೆ ಕೂತು ಜೋಳ ಹಸನು ಮಾಡುವುದನ್ನು ಸಂಜೆಗೆ ಬದಲಿಸಲು ತಾಯಿಗೆ ತಿಳಿಸಿದೆವು. ಫೋನಿನ ಮಾತನ್ನು ಆಡಲೇ ಇಲ್ಲ. ನೋಟ ತಾನಾಗಿ ಇಳಿಯಿತು.

ಮನೆಯವರು ತಿಳಿದಿರಬೇಕಾದದ್ದು

ಮಿತಿಯ ಗುಪ್ತಸಂಖ್ಯೆಯನ್ನು ಮಡದಿಯೋ ಮಗನೋ ಇಟ್ಟುಕೊಳ್ಳುವ ಏರ್ಪಾಡು ಐಫೋನಿನಲ್ಲಿದೆ. Block at End of Limit ಆರಿಸಿದರೆ ಆ ಸಂಖ್ಯೆಯಿಲ್ಲದೆ ಮುಂದೆ ಹೋಗಲಾಗದು. ನೋಡುವವರು ತಾವಾಗಿ ಕೇಳಿದರೆ ಮಾತ್ರ ಇದನ್ನು ಮಾಡಬೇಕು. ಕೇಳದೆ ಮಾಡಿದರೆ ಮನೆಯಲ್ಲಿ ಜಗಳ, ಮರೆಯಲ್ಲಿ ಇನ್ನೊಂದು ಫೋನು.

ಫೋನನ್ನು ಪಡಸಾಲೆಯಲ್ಲಿಟ್ಟು ಎರಡು ಮೂರು ವಾರವಾದರೂ ನಿದ್ರೆ ಬಾರದಿದ್ದರೆ, ಬೆಳಗಿನ ಜಾವ ಎಚ್ಚರವಾಗಿ ದುಃಖ ಉಕ್ಕುತ್ತಿದ್ದರೆ, ಊಟ, ಮಾತು, ಕೆಲಸ ಯಾವುದೂ ಬೇಡವಾಗಿದ್ದರೆ ಫೋನು ರೋಗವಲ್ಲ, ಒಳಗಿನ ಖಿನ್ನತೆಯ ಹೊದಿಕೆ. ಫೋನಿನಲ್ಲಿ ಹಣ ಹಚ್ಚಿ ಆಡುವ ಆಟ, ಸಾಲದ ಆ್ಯಪು ಸೇರಿಕೊಂಡಿದ್ದರೂ ಇಲ್ಲಿ ಹೇಳಿದ ಕ್ರಮ ಸಾಲದು. ಅಂಥವರನ್ನು ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ದೊರೆಯುವ ದಿನ ವಿಚಾರಿಸಿ ಕರೆದೊಯ್ಯಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ಶಟ್ ಎಂಬ ಹೆಸರಿನ ಚಿಕಿತ್ಸಾ ವಿಭಾಗ 2014ರಿಂದ ನಡೆಯುತ್ತಿದೆ. ಅಷ್ಟು ತೀವ್ರವಾಗಿಲ್ಲದವರು ಇಂದೇ ಮಿತಿ ಹಾಕುವುದು ಬೇಡ. ಇಂದು Dashboard ನೋಡಿ, ಒಂದು ವಾರ ಮಲಗಿದ ಹೊತ್ತನ್ನು ಬರೆಯಿರಿ. ಎಲ್ಲಿಂದ ಕಾಲು ಭಾಗ ತೆಗೆಯಬೇಕೆಂಬುದನ್ನು ಆ ಚೀಟಿಯೇ ತೋರಿಸುತ್ತದೆ.